ಶೋಭಾರಾಣಿ ತುಂಬಿದ ಇಪ್ಪತ್ತು ಮನೆ

ನಗಬಾರದ ಕಡೆ ನಗುವುದು ಶೋಭಾರಾಣಿಯ ಹುಟ್ಟುಗುಣ. ಕಲ್ಯಾಣದುರ್ಗದ ಹೈಸ್ಕೂಲಿಗೆ ಇನ್‌ಸ್ಪೆಕ್ಟರು ಬಂದು ಕೂತ ಕೂಡಲೇ ಕುರ್ಚಿ ಕಿರ್ರೆಂದಿತು ಅಂತ ನಕ್ಕು, ಇಡೀ ಮಧ್ಯಾಹ್ನ ಬೇವಿನ ಮರದಡಿ ನಿಂತವಳು. ಹೆಣ್ಣು ನೋಡಲು ಬಂದ ಧರ್ಮವರದ ಗಂಡು, ತನಗೆ ಹತ್ತೊಂಬತ್ತರ ಮಗ್ಗಿ ಉಲ್ಟಾ ಬರುತ್ತದೆ ಎಂದು ಗಂಭೀರವಾಗಿ ಹೇಳಿದಾಗ, ಉಪ್ಪಿಟ್ಟಿನ ತಟ್ಟೆ ಕೈಯಲ್ಲಿ ಹಿಡಿದೇ ನಕ್ಕಳು. ಗಂಡಿನ ಕಡೆಯವರು ಉಪ್ಪಿಟ್ಟು ತಿಂದು ಎದ್ದು ಹೋದರು, ಮತ್ತೆ ಬರಲಿಲ್ಲ. ಅವಳ ತಂದೆ ಗೋವಿಂದಪ್ಪ ನೇಕಾರ. ಅವತ್ತು ಸಂಜೆ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದವನು ಲಾಳಿ ನಿಲ್ಲಿಸಿ, "ಓದ್ಕೋ ಕಣಮ್ಮ. ನಗೋಳ್ನ ಕಟ್ಕೊಳ್ಳೋ ಧೈರ್ಯ ಈ ಕಡೆ ಗಂಡಸ್ರಿಗೆ ಇನ್ನೂ ಬಂದಿಲ್ಲ" ಎಂದ.

ಓದಿದವಳಿಗೆ ಸಿಕ್ಕಿದ್ದು ನಗಲೇಬಾರದ ಕೆಲಸ. ಆಂಧ್ರ ಕರಾವಳಿಯ ದೊಡ್ಡ ಊರೊಂದರ ಸರ್ಕಾರಿ ಮಾನಸಿಕ ಆಸ್ಪತ್ರೆಯಲ್ಲಿ ಸಮಾಜ ಕಾರ್ಯಕರ್ತೆ. ಅದರಲ್ಲೂ ಕೋರ್ಟು ಕಳಿಸಿದವರ ವಾರ್ಡು. ಅಲ್ಲಿರುವವರು ಅಪರಾಧವೆನ್ನಬಹುದಾದ್ದನ್ನು ಮಾಡಿದವರು, ಆದರೆ ಮಾಡಿದ ಹೊತ್ತಿಗೆ ಬುದ್ಧಿ ಸ್ವಾಧೀನದಲ್ಲಿರಲಿಲ್ಲ ಎಂದು ಕೋರ್ಟು ಒಪ್ಪಿ ಖುಲಾಸೆ ಮಾಡಿದವರು. ಖುಲಾಸೆ ಎಂದರೆ ಮನೆಗೆ ಹೋಗು ಎಂದಲ್ಲ. ಇವನನ್ನು ಬಿಟ್ಟರೆ ಯಾರಿಗೂ ಅಪಾಯವಿಲ್ಲ ಎಂದು ಆಸ್ಪತ್ರೆಯನ್ನು ನೋಡಿಹೋಗುವ ಮಂಡಳಿ ಬರೆದುಕೊಡಬೇಕು, ಸರ್ಕಾರ ಒಪ್ಪಬೇಕು, ನೋಡಿಕೊಳ್ಳುತ್ತೇನೆ ಎಂದು ಬಂಧುವೊಬ್ಬರು ಮುಚ್ಚಳಿಕೆ ಬರೆಯಬೇಕು. ಅಲ್ಲಿಯವರೆಗೆ ಬಾಗಿಲಿಗೆ ಬೀಗ.

2006ರಲ್ಲಿ ಆ ಬೀಗದೊಳಗೆ ಹಿಂದೂಪುರದ ಬೈಲಪ್ಪನಿದ್ದ. ನಲವತ್ತೊಂದು ವರ್ಷ, ಮಗ್ಗದ ಕೆಲಸದವನು. ಒಂಬತ್ತು ವರ್ಷದ ಹಿಂದೆ ಪಕ್ಕದ ಮನೆಯ ನಾರಪ್ಪನ ತಲೆಗೆ ಕಬ್ಬಿಣದ ಸಲಾಕೆಯಲ್ಲಿ ಹೊಡೆದಿದ್ದ. ನಾರಪ್ಪನ ಪವರ್‌ಲೂಮು ತನ್ನ ಹೆಸರು ಹಿಡಿದು ಕೂಗುತ್ತದೆ, ತನ್ನನ್ನು ಮುಗಿಸಲು ಸಂಚು ಮಾಡುತ್ತಿದೆ ಎಂದು ನಂಬಿದ್ದ. ನಾರಪ್ಪ ಬದುಕಿಕೊಂಡ. ಬೈಲಪ್ಪನಿಗೆ ಔಷಧ ಹಿಡಿಯಿತು. ಏಳು ವರ್ಷದಿಂದ ತಿಂಗಳಿಗೊಂದು ಇಂಜೆಕ್ಷನ್ ತೆಗೆದುಕೊಂಡು, ವಾರ್ಡಿನ ಗಿಡಗಳಿಗೆ ನೀರು ಹಾಕಿಕೊಂಡು ಇದ್ದ. ಆದರೂ ಮಂಡಳಿಯ ಮುಂದೆ ಎರಡು ಸಲ ಹೋಗಿ ಎರಡು ಸಲವೂ ವಾಪಸ್ಸು ಬಂದಿತ್ತು ಅವನ ಫೈಲು. ಕಾರಣ ಪ್ರತಿಸಲವೂ ಒಂದೇ ವಾಕ್ಯ: 'ಸೂಪರಿಂಟೆಂಡೆಂಟ್ ಸಾರಿಗೆ ಬೆಂಕಿ ಹಚ್ಚುವುದಾಗಿ 2003ರಲ್ಲಿ ಬೆದರಿಸಿದ್ದಾನೆ.'

ಆ ವರ್ಷ ಕೃಷ್ಣವೇಣಿ ಎಂಬ ಹೊಸ ಮನಶ್ಶಾಸ್ತ್ರಜ್ಞೆ ಆಸ್ಪತ್ರೆಗೆ ಬಂದಳು. ಗುಂಟೂರು ಕಡೆಯ ಹುಡುಗಿ, ಕನ್ನಡದ ಒಂದಕ್ಷರ ಬಾರದು. ಬರುವಾಗ, ಒಬ್ಬನನ್ನು ಹೊರಗೆ ಬಿಟ್ಟರೆ ಅಪಾಯವೆಷ್ಟು ಎಂದು ಅಂದಾಜು ಮಾಡುವ ಒಂದು ನಮೂನೆ ತಂದಿದ್ದಳು. ಅದರಲ್ಲಿ ತುಂಬಬೇಕಾದ ಇಪ್ಪತ್ತು ಚೌಕದ ಮನೆ. ಹತ್ತು ಹಿಂದಿನದಕ್ಕೆ: ಮೊದಲ ಹಿಂಸೆ ಯಾವಾಗ, ಕುಡಿತವಿತ್ತೇ, ಸಂಸಾರ ಹೇಗಿತ್ತು, ಕಾಯಿಲೆ ಏನು, ಹಿಂದೆ ನಿಗಾದಲ್ಲಿದ್ದಾಗ ಎಡವಿದ್ದನೇ ಎಂಬಂಥವು. ಐದು ಈಗಿನದಕ್ಕೆ: ತನ್ನ ಕಾಯಿಲೆ ತನಗೆ ಗೊತ್ತೇ, ಲಕ್ಷಣಗಳು ಈಗಲೂ ಇವೆಯೇ, ಚಿಕಿತ್ಸೆಗೆ ಬಗ್ಗುತ್ತಿದ್ದಾನೆಯೇ. ಇನ್ನೈದು ಮುಂದಿನದಕ್ಕೆ: ಹೋಗುವ ಜಾಗ ಎಂಥದು, ಬೆನ್ನಿಗೆ ಯಾರಿದ್ದಾರೆ, ಕೆಣಕುವುದು ಏನಿದೆ, ಔಷಧ ತಪ್ಪೀತೇ, ತಲೆಬಿಸಿ ಎಷ್ಟು. ಒಂದೊಂದಕ್ಕೂ 'ಇಲ್ಲ', 'ಸ್ವಲ್ಪ' ಅಥವಾ 'ಖಂಡಿತ ಇದೆ' ಎಂದು ಸೊನ್ನೆ, ಒಂದು, ಎರಡು ಹಾಕಬೇಕು.

ಆಫೀಸಿನ ಗುಮಾಸ್ತ ಅದನ್ನು ತಿರುವಿ ನೋಡಿ ಕಣ್ಣರಳಿಸಿದ. "ಹಾಗಾದರೆ ನಲವತ್ತಕ್ಕೆ ಪೇಪರು. ಪಾಸಿಗೆ ಎಷ್ಟು ಬರಬೇಕು ಮೇಡಂ?"

"ಕೂಡುವ ಹಾಗಿಲ್ಲ" ಎಂದಳು ಕೃಷ್ಣವೇಣಿ.

"ಕೂಡದಿದ್ದರೆ ನಂಬರು ಯಾಕೆ ಹಾಕುತ್ತೀರಿ?"

"ಯಾವುದನ್ನೂ ಮರೆಯದೆ ನೋಡುವುದಕ್ಕೆ. ನೋಡಿದ ಮೇಲೆ ಯೋಚನೆ ಮಾಡುವವರು ನಾವೇ. ಒಬ್ಬನಿಗೆ ಹತ್ತು ಮನೆಯಲ್ಲಿ ಗುರುತು ಬಿದ್ದರೂ ಅಪಾಯ ಕಡಿಮೆಯಿರಬಹುದು, ಇನ್ನೊಬ್ಬನಿಗೆ ಒಂದೇ ಮನೆ ಸಾಕಾಗಬಹುದು."

ಗುಮಾಸ್ತನಿಗೆ ಇದು ಸರಿಬರಲಿಲ್ಲ. ಲೆಕ್ಕವಿದ್ದೂ ಮೊತ್ತವಿಲ್ಲದ ಕಾಗದವನ್ನು ಸರ್ಕಾರಿ ನೌಕರಿಯಲ್ಲಿ ಅವನು ಕಂಡಿರಲಿಲ್ಲ. ಶೋಭಾರಾಣಿಗೆ ಅವನ ಮುಖ ನೋಡಿ ನಗು ಬಂತು. ಕೃಷ್ಣವೇಣಿಗೆ ಶೋಭಾರಾಣಿಯ ನಗು ನೋಡಿ ಧೈರ್ಯ ಬಂತು. "ಅಕ್ಕಾ, ಇವನು ನಿಮ್ಮ ಸೀಮೆಯವನು, ಮನೆಮಾತು ಕನ್ನಡ. ನನ್ನ ಜೊತೆ ಕೂತು ಮಾತಾಡಿಸುತ್ತೀರಾ?" ಎಂದು ತೆಲುಗಿನಲ್ಲಿ ಕೇಳಿದಳು.

ಮೊದಲು ಬೈಲಪ್ಪನಿಗೆ, ತಾವು ಬರೆಯುವುದು ವರದಿ, ಅವನು ಹೇಳಿದ್ದು ಅದರಲ್ಲಿ ಸೇರುತ್ತದೆ, ಹೇಳಲು ಇಷ್ಟವಿಲ್ಲದ್ದನ್ನು ಬಿಡಬಹುದು ಎಂದು ತಿಳಿಸಿದರು. ಬೈಲಪ್ಪ ಎಲ್ಲಕ್ಕೂ ತಲೆಯಾಡಿಸಿದ. ಬೆಂಕಿಯ ಮಾತು ಬಂದಾಗ ಮಾತ್ರ ತಬ್ಬಿಬ್ಬಾದ.

"ನಾನ್ಯಾಕಮ್ಮ ದೊಡ್ಡ ಸಾರ್ಗೆ ಬೆಂಕಿ ಇಕ್ಲಿ? ಒಳ್ಳೇ ಮನ್ಸ ಅವ್ರು. ಹಬ್ಬಕ್ಕೆ ಬಾಳೇಹಣ್ಣು ಕೊಡ್ತಿದ್ರು."

"ಅವತ್ತು ಏನಂದೆ, ನೆನಪು ಮಾಡ್ಕೋ ಬೈಲಪ್ಪ."

ಅವನು ಚಾವಣಿ ನೋಡಿದ. "ಊಟಕ್ಕೆ ಕೂತಿದ್ವಿ. ಅನ್ನ ಬಂತು, ಮೇಲೆ ಸಾರು ಹಾಕಿದ್ರು. ಬಾವಿ ನೀರು ಇದ್ದಂಗಿತ್ತು, ತಣ್ಣಗೆ. ನಾನಂದೆ, ಮೊದ್ಲು ಈ ಸಾರಿಗೆ ಬೆಂಕಿ ಇಕ್ರಪ್ಪ, ಅಂತ."

ಶೋಭಾರಾಣಿ ಪೆನ್ನು ಕೆಳಗಿಟ್ಟಳು. ಕನ್ನಡದವನ ಸಾರು ತಟ್ಟೆಯಲ್ಲಿರುತ್ತದೆ; ತೆಲುಗಿನವನ ಸಾರು ಕುರ್ಚಿಯ ಮೇಲಿರುತ್ತಾನೆ. ಬೈಲಪ್ಪ ತೆಲುಗು ಚೆನ್ನಾಗಿ ಬಲ್ಲವನು, ಆದರೆ ಗೊಣಗುವುದು ಮಾತ್ರ ಕನ್ನಡದಲ್ಲಿ. ಬಡಿಸುತ್ತಿದ್ದ ವಾರ್ಡಿನವನು ಕರಾವಳಿಯ ತೆಲುಗಿನವನು. 'ಬೆಂಕಿ' ಎಂದರೇನು ಎಂದು ಪಕ್ಕದಲ್ಲಿ ಕೂತವನನ್ನು ಕೇಳಿದ್ದಾನೆ, ನಿಪ್ಪು ಎಂದು ಅವನು ಹೇಳಿದ್ದಾನೆ, 'ಸಾರು' ಎಂದರೇನು ಎಂದು ಮಾತ್ರ ಯಾರನ್ನೂ ಕೇಳಿಲ್ಲ. ಗ್ರಹಚಾರಕ್ಕೆ ಸೂಪರಿಂಟೆಂಡೆಂಟರು ಅದೇ ಹೊತ್ತಿಗೆ ರೌಂಡ್ಸಿಗೆ ಬಂದು ಬೈಲಪ್ಪನ ಹಿಂದೆಯೇ ನಿಂತಿದ್ದರಂತೆ.

ಅವಳು ನಕ್ಕಳು. ನಗುತ್ತ ನಗುತ್ತಲೇ ಕೃಷ್ಣವೇಣಿಗೆ ಬಿಡಿಸಿ ಹೇಳಿದಳು. ಕೃಷ್ಣವೇಣಿಯೂ ನಕ್ಕಳು, ಬೈಲಪ್ಪನೂ ಸ್ವಲ್ಪ ನಕ್ಕ, ಆಮೇಲೆ ಕೇಳಿದ: "ಅದ್ಕೇನಾ ನಾನು ಇನ್ನೂ ಇಲ್ಲಿರೋದು?"

ನಗು ಅಲ್ಲಿಗೆ ನಿಂತಿತು.

ಅವನ ಮಾತೊಂದನ್ನೇ ನಂಬಿ ಬರೆಯುವಂತಿರಲಿಲ್ಲ. ಶೋಭಾರಾಣಿ ಅಡುಗೆಮನೆಯ ಹಳೇ ದಿನಚರಿ ಹುಡುಕಿಸಿದಳು. ಆ ದಿನ ಸೌದೆ ನೆನೆದು ಒಲೆ ಹತ್ತದೆ ಊಟ ತಡವಾಗಿ, ತಣ್ಣಗೆ ಹೋಗಿತ್ತು ಎಂದು ಅಡುಗೆಯವನು ಸ್ವಂತ ಕೈಯಲ್ಲಿ ಬರೆದಿದ್ದ. ಬಡಿಸಿದವನನ್ನು ಕರೆಸಿದಳು, ಅವನು ಕೇಳಿದ ಮಾತನ್ನು ಕೇಳಿದಂತೆಯೇ ಮತ್ತೆ ಹೇಳಿದ, ಅದು ಬೈಲಪ್ಪ ಹೇಳಿದ್ದೇ ಆಗಿತ್ತು. ಆ ವಾಕ್ಯ ಮೂರು ವರ್ಷ ಒಂದು ವರದಿಯಿಂದ ಇನ್ನೊಂದಕ್ಕೆ ನಕಲಾಗುತ್ತ ಬಂದಿತ್ತು, ಮೂಲವನ್ನು ಯಾರೂ ತೆರೆದಿರಲಿಲ್ಲ.

ಆದರೆ ಅದೇ ಫೈಲಿನಲ್ಲಿ ಇನ್ನೊಂದಿತ್ತು. ಬಂದ ಎರಡನೇ ವರ್ಷ ಬೈಲಪ್ಪ ಮಾತ್ರೆ ನುಂಗದೆ ಉಗುಳುತ್ತಿದ್ದ ಕಾಲದಲ್ಲಿ ಪಕ್ಕದ ರೋಗಿಯನ್ನು ಗೋಡೆಗೆ ತಳ್ಳಿ ಭುಜ ಮುರಿದಿದ್ದ. ಅದು ನಿಜವಾಗಿ ನಡೆದದ್ದು. ಬೈಲಪ್ಪನೂ ಅಲ್ಲಗಳೆಯಲಿಲ್ಲ. ಸಾರಿನ ಕತೆ ಎಷ್ಟು ಚೆನ್ನಾಗಿದೆಯೆಂದರೆ ಭುಜದ ಕತೆ ಅದರ ಹಿಂದೆ ಮರೆಯಾಗಿಬಿಡುತ್ತದೆ, ಹಾಗಾಗಬಾರದು ಎಂದು ಕೃಷ್ಣವೇಣಿ ಎಚ್ಚರಿಸಿದಳು. ಶೋಭಾರಾಣಿ ಎರಡನ್ನೂ ಬರೆದುಕೊಂಡಳು, ಒಂದರ ಪಕ್ಕ ಒಂದು.

ಮುಂದಿನದರ ಐದು ಮನೆ ಆಸ್ಪತ್ರೆಯಲ್ಲಿ ಕೂತು ತುಂಬುವಂಥವಲ್ಲ. ಬೈಲಪ್ಪನನ್ನು ಕರೆದುಕೊಳ್ಳುತ್ತೇನೆ ಎಂದು ಅರ್ಜಿ ಹಾಕಿದ್ದವನು ಹಿಂದೂಪುರದ ಅವನ ತಮ್ಮ ಓಬುಳೇಶ್. ಶೋಭಾರಾಣಿ ರೈಲು ಹತ್ತಿದಳು.

ಓಬುಳೇಶ್ ಸ್ಟೇಷನ್ನಿಗೇ ಬಂದಿದ್ದ. ಗರಿಗರಿ ಬಿಳಿ ಶರಟು, ಮಾತಿಗೊಂದು "ಮೇಡಮ್ಮಾರು". ಮನೆಯಲ್ಲಿ ಅಣ್ಣನಿಗೆಂದು ಸುಣ್ಣ ಹೊಡೆಸಿದ ಕೋಣೆ ತೋರಿಸಿದ, ಹೊಸ ಚಾಪೆ ತೋರಿಸಿದ, ಗೋಡೆಗೆ ಹೊಡೆದ ಗೂಟ ತೋರಿಸಿದ. "ಅಂಗಿ ನೇತಾಕೋಕೆ" ಎಂದ. ಹುರಿಗಡಲೆ, ಖಾರ, ಕಾಫಿ ಬಂದವು. ಇಷ್ಟು ಪ್ರೀತಿಯಿಂದ ಗೂಟ ಹೊಡೆದವನನ್ನು ಅನುಮಾನಿಸುವುದು ಶೋಭಾರಾಣಿಗೂ ಕಷ್ಟವಾಯಿತು.

"ಇಂಜೆಕ್ಷನ್ ಎಲ್ಲಿ ಹಾಕಿಸ್ತೀಯಪ್ಪ?"

"ಇನ್ನೇನ್ ಇಂಜೆಕ್ಷನ್ ಮೇಡಮ್ಮಾರು? ವಾಸಿಯಾಗಿ ಬತ್ತಾ ಅವ್ನೆ. ಮನೆ ಊಟ ತಿಂದ್ರೆ ಸಾಕು."

"ಕೆಲಸ?"

"ನಮ್ದೇ ಪವರ್‌ಲೂಮು ಹಾಕಿದೀನಿ, ಎರಡು. ಕೇಳುಸ್ತಾ ಐತಲ್ಲ?"

ಕೇಳಿಸುತ್ತಿತ್ತು. ಕಾಫಿ ಲೋಟದಲ್ಲಿ ಸಣ್ಣ ಅಲೆ ಏಳುವಷ್ಟು ಕೇಳಿಸುತ್ತಿತ್ತು. ಬೈಲಪ್ಪನ ಕೋಣೆಗೂ ಮಗ್ಗಕ್ಕೂ ನಡುವೆ ಒಂದೇ ಗೋಡೆ. ಇನ್ನೊಂದು ಗೋಡೆಯಾಚೆ ನಾರಪ್ಪನ ಮನೆ. ಲೋಕದಲ್ಲಿ ಇಷ್ಟು ಜಾಗವಿದ್ದೂ ಸರಿಯಾಗಿ ಎಲ್ಲಿ ಇರಬಾರದೋ ಅಲ್ಲೇ ಓಬುಳೇಶ್ ಅಕ್ಕರೆಯಿಂದ ಚಾಪೆ ಹಾಸಿಟ್ಟಿದ್ದ.

ನಾರಪ್ಪ ಅರವತ್ತರ ಆಳು. ಅವನ ತಲೆಯ ಎಡಭಾಗದಲ್ಲಿ ಒಂದು ತಗ್ಗಿತ್ತು, ಎಡಗಿವಿ ಮಂದ. ಆ ತಗ್ಗು ಬೀದಿಗೆಲ್ಲ ಪರಿಚಿತ. ಹೊಸಬರು ಬಂದರೆ ಅವನೇ ಟವಲು ತೆಗೆದು ತೋರಿಸುತ್ತಿದ್ದ. ಶೋಭಾರಾಣಿಗೂ ತೋರಿಸಿದ. "ಮುಟ್ಟಿ ನೋಡಮ್ಮ, ಪರವಾಗಿಲ್ಲ. ಒಂದು ನಿಂಬೇಹಣ್ಣು ಕೂರ್ತದೆ."

ಅವಳು ತಾನು ಯಾರು, ಯಾಕೆ ಬಂದೆ, ಅವನು ಹೇಳಿದ್ದು ವರದಿಗೆ ಸೇರುತ್ತದೆ, ಬೇಡವೆಂದರೆ ಎದ್ದು ಹೋಗುತ್ತೇನೆ ಎಂದಳು. ನಾರಪ್ಪ ಕೂರಲು ಹೇಳಿ, ನಿಂಬೇಹಣ್ಣಿನ ತಮಾಷೆ ಬಿಟ್ಟು, ನೇರವಾಗಿ ಅಂದ: "ಅವ್ನು ಈ ಮನೆಗೆ ಬಂದ್ರೆ ನಂಗೆ ನಿದ್ದೆ ಬರಾಕಿಲ್ಲ. ಕೋಪ ಇಲ್ಲ ಕಣಮ್ಮ. ಭಯ."

"ಬರೀತೀನಿ ನಾರಪ್ಪಣ್ಣ. ಅವತ್ತಿಗಿಂತ ಮುಂಚೆ ನಿಮ್ಮಿಬ್ಬರಿಗೂ ಜಗಳ ಇತ್ತಾ?"

"ಇಲ್ಲ. ಒಟ್ಟಿಗೆ ಇಸ್ಪೀಟು ಆಡ್ತಿದ್ವಿ."

"ಮತ್ತೆ ಮಗ್ಗದ ವಿಷಯ?"

ನಾರಪ್ಪ ಟವಲನ್ನು ಮತ್ತೆ ತಲೆಗೆ ಸುತ್ತಿಕೊಂಡ. ಒಳಗೆ ಮಗ್ಗ ಬಡಿಯುತ್ತಿತ್ತು. ಎದ್ದು ಹೋಗಿ ನಿಲ್ಲಿಸಿ ಬಂದ. ಬೀದಿ ತಟ್ಟನೆ ಖಾಲಿಯಾದಂತಾಯಿತು.

"ಪೊಲೀಸ್ರಿಗೆ ಹೇಳಿಲ್ಲ ಇದ್ನ. ಕೋರ್ಟಲ್ಲೂ ಹೇಳಿಲ್ಲ. ಅವ್ನು ಒಂದಿನ ಬಂದು, ನಾರಪ್ಪಣ್ಣ, ನಿನ್ ಮಗ್ಗ ನನ್ ಹೆಸರು ಕೂಗ್ತದೆ, ಅಂದ. ನಂಗೆ ತಮಾಸೆ ಆಗ್ಬುಡ್ತು. ಮಾರನೇ ದಿನದಿಂದ ಮಗ್ಗ ಆಡ್ವಾಗ ಕಿಟಕಿ ತಾವ ನಿಂತ್ಕೊಂಡು, ಅದ್ರ ತಾಳಕ್ಕೆ ಸರಿಯಾಗಿ ಬೈಲಪ್ಪಾ, ಬೈಲಪ್ಪಾ, ಅಂತ ಕೂಗ್ತಿದ್ದೆ. ಅವ್ನು ಓಡ್ಬಂದು ನೋಡೋನು. ನಾನು ಬೀಡಿ ಸೇದ್ತಾ ಕೂತಿರ್ತಿದ್ದೆ." ಅವನು ನಗಲು ನೋಡಿದ, ಆಗಲಿಲ್ಲ. "ಎಂಟತ್ತು ದಿನ ಮಾಡ್ದೆ. ಅವ್ನಿಗೆ ಕಾಯ್ಲೆ ಅಂತ ನಂಗೇನ್ ಗೊತ್ತು? ಜನ ತಲೆ ನೋಡಿ ಅಯ್ಯೋ ಅಂತಾರೆ. ಒಂಬತ್ತು ವರ್ಷದಿಂದ ತೋರುಸ್ತಾನೆ ಇದೀನಿ. ಇದೊಂದು ಮಾತ್ರ ಬಾಯಿಗೆ ಬಂದಿರ್ಲಿಲ್ಲ."

ತಮಾಷೆಗೆಂದು ತಾನು ಮಾಡಿದ ಎಷ್ಟೋ ಕೆಲಸಗಳು ಶೋಭಾರಾಣಿಯ ಕಣ್ಣ ಮುಂದೆ ಬಂದವು. ಯಾರ ಕಿಟಕಿಯ ಕೆಳಗೆ ನಿಂತು ತಾನು ಏನು ಕೂಗಿದ್ದೆನೋ, ಯಾರಿಗೆ ಗೊತ್ತು? "ನೀನು ಕೂಗದಿದ್ರೂ ಅವನಿಗೆ ಕಾಯಿಲೆ ಇತ್ತು ಅಣ್ಣ. ಅದು ನಿನ್ನಿಂದ ಬಂದಿದ್ದಲ್ಲ" ಎಂದಳು. ಅದು ಸಮಾಧಾನದ ಮಾತಷ್ಟೇ ಆಗಿರಲಿಲ್ಲ, ನಿಜವೂ ಆಗಿತ್ತು. ಆದರೆ ಕೂಗಿದ್ದೂ ನಿಜ. ಬೈಲಪ್ಪ ಹೊಡೆದದ್ದು ಯಾವನೋ ದಾರಿಹೋಕನಿಗಲ್ಲ. ತನ್ನನ್ನು ಹಂಗಿಸುತ್ತಾನೆಂದು ನಂಬಿದ, ಮತ್ತು ನಿಜವಾಗಿಯೂ ಹಂಗಿಸುತ್ತಿದ್ದ, ದಿನಾ ಎದುರಾಗುವ ಒಬ್ಬನಿಗೆ. ಮುಂದೆಂದಾದರೂ ಅವನ ಕೈ ಎದ್ದರೆ ಅದು ಯಾರ ಮೇಲೆ, ಎಂಥ ಹೊತ್ತಿನಲ್ಲಿ ಎಂಬುದಕ್ಕೆ ಇದು ಸುಳಿವು. ಅವಳು ಪುಸ್ತಕದಲ್ಲಿ ಬರೆದು, ಬರೆದದ್ದನ್ನು ನಾರಪ್ಪನಿಗೆ ಓದಿ ಹೇಳಿದಳು. ಅವನು ಹೂಂ ಎಂದ.

ಮಾರನೇ ದಿನ ಪಾವಗಡದ ಮೇಲಿನ ಬಸ್ಸು ಹಿಡಿದು ಕಲ್ಯಾಣದುರ್ಗಕ್ಕೆ ಹೋದಳು. ಅಲ್ಲಿ ಬೈಲಪ್ಪನ ಅಕ್ಕ ಲಕ್ಷ್ಮಕ್ಕನಿದ್ದಳು. ಮಕ್ಕಳಿಲ್ಲದ ವಿಧವೆ, ಮುತ್ತುಗದ ಊಟದೆಲೆ ಹೊಲಿದು ಮದುವೆ ಮನೆಗಳಿಗೆ ಕೊಡುವವಳು. ಅರ್ಜಿಯಲ್ಲಿ ಅವಳ ಹೆಸರೇ ಇರಲಿಲ್ಲ. ಬೈಲಪ್ಪನೇ ಮಾತಿನ ಮಧ್ಯೆ ಹೇಳಿದ್ದ, ವರ್ಷಕ್ಕೆರಡು ಸಲ ಅಷ್ಟು ದೂರ ಬಂದು ನೋಡಿ ಹೋಗುವುದು ಅಕ್ಕನೊಬ್ಬಳೇ ಎಂದು.

ಶೋಭಾರಾಣಿ ಪ್ರಶ್ನೆ ಕೇಳಲು ಬಂದಿದ್ದಳು, ಆದರೆ ಮೊದಲ ಅರ್ಧ ಗಂಟೆ ಲಕ್ಷ್ಮಕ್ಕನೇ ಕೇಳಿದಳು.

"ಯಾರ ಮಗಳಮ್ಮ ನೀನು? ಗೋವಿಂದಪ್ಪನ ಮಗಳಾ? ಉಪ್ಪಿಟ್ಟು ಹಿಡ್ಕೊಂಡು ನಕ್ಕೋಳು ನೀನೇನಾ?"

ಇಪ್ಪತ್ತು ವರ್ಷ ಹೊರಗಿದ್ದರೂ ಊರು ತನ್ನ ಫೈಲನ್ನು ಮುಚ್ಚಿಲ್ಲ ಎಂದು ಶೋಭಾರಾಣಿಗೆ ಗೊತ್ತಾಯಿತು. "ನಾನೇ ಅಕ್ಕಾ" ಎಂದಳು.

"ಒಳ್ಳೇ ಕೆಲ್ಸ ಮಾಡ್ದೆ. ಆ ಗಂಡು ಈಗ್ಲೂ ಮಗ್ಗಿ ಹೇಳ್ತಾನಂತೆ. ಈಗ ಕೇಳು, ಏನ್ ಬೇಕು?"

ಕಾಯಿಲೆ ಶುರುವಾದದ್ದು ಹೇಗೆ ಎಂದು ಶೋಭಾರಾಣಿ ಕೇಳಿದಳು. ಲಕ್ಷ್ಮಕ್ಕ ಕಡ್ಡಿ ಚುಚ್ಚುವ ಕೈ ನಿಲ್ಲಿಸದೆ ಹೇಳಿದಳು. ಹೊಡೆತಕ್ಕೆ ಒಂದು ವರ್ಷ ಮೊದಲೇ ಬೈಲಪ್ಪನನ್ನು ಬೆಂಗಳೂರಿಗೆ ಕರೆದೊಯ್ದು ತೋರಿಸಿದ್ದರು, ಮಾತ್ರೆಯಿಂದ ಸರಿಹೋಗಿದ್ದ. "ಮಾತ್ರೆ ತಿಂದು ಮಗ್ಗದ ಮೇಲೆ ತೂಕಡಿಸ್ತಾನೆ ಅಂತ ಓಬುಳೇಶನೇ ನಿಲ್ಲಿಸ್ಬುಟ್ಟ. ಬೇಳೆ ಡಬ್ಬಿಲಿ ಬಚ್ಚಿಟ್ಟಿದ್ದ, ಆವಾಗ ನಾನೂ ಅಲ್ಲೇ ಇದ್ದೆ, ನಾನೇ ಕಂಡೆ. ಕೆಟ್ಟೋನಲ್ಲ ಕಣಮ್ಮ. ಅಣ್ಣ ಚೆನ್ನಾಗವ್ನೆ ಅಂತ ನಂಬಿಕೊಳ್ಳೋಕೆ ಅವ್ನಿಗೆ ಬಲು ಆಸೆ."

"ನಿಲ್ಲಿಸಿದ ಮೇಲೆ ಮೊದಲು ಏನು ಕಂಡಿತು?"

"ಹತ್ತಿ."

"ಏನಕ್ಕ?"

"ಕಿವಿಗೆ ಹತ್ತಿ ತುರುಕ್ಕೊಂಡ. ಮೊದ್ಲು ಒಂದ್ ಕಿವಿ, ಆಮೇಲೆ ಎರಡೂ. ರಾತ್ರಿ ನಿದ್ದೆ ಬುಟ್ಟ. ಊಟಕ್ಕೆ ಕೂತ್ರೂ ತೆಗೀತಿರ್ಲಿಲ್ಲ. ಮೂರು ವಾರ ಹಂಗೆ ಇದ್ದ, ಆಮೇಲೆ ಹೊಡ್ದಿದ್ದು."

ಒಂಬತ್ತು ವರ್ಷದ ದಪ್ಪ ಫೈಲಿನಲ್ಲಿ ಹತ್ತಿ ಎಂಬ ಪದವೇ ಇರಲಿಲ್ಲ. ಯಾರೂ ಲಕ್ಷ್ಮಕ್ಕನನ್ನು ಕೇಳಿರಲಿಲ್ಲ.

"ಇಲ್ಲಿಗೆ ಕಳಿಸಿದ್ರೆ ನೋಡ್ಕೊಳ್ತೀಯಾ ಅಕ್ಕಾ? ಭಯ ಇಲ್ವಾ?"

ಲಕ್ಷ್ಮಕ್ಕ ಎಲೆಯನ್ನು ಬೆಳಕಿಗೆ ಹಿಡಿದು ತೂತಿದೆಯೇ ನೋಡಿದಳು. "ಭಯ ಇಲ್ದೇ ಇದ್ರೆ ನಾನೂ ಹುಚ್ಚೀನೇ. ತಿಂಗಳ್ತಿಂಗ್ಳು ಸೂಜಿ ಹಾಕ್ಸೋಕೆ ಒಪ್ಪಿದ್ರೆ ಬರ್ಲಿ. ಮಗ್ಗದ ಕೆಲ್ಸ ಬ್ಯಾಡ. ಎಲೆ ಹೊಲೀಲಿ. ಎಲೆ ಯಾರ್ನೂ ಹೆಸರಿಡ್ದು ಕರಿಯಾಕಿಲ್ಲ."

ಶೋಭಾರಾಣಿ ಅಲ್ಲಿಂದ ಸರ್ಕಾರಿ ಆಸ್ಪತ್ರೆಗೆ ಹೋಗಿ, ತಿಂಗಳ ಇಂಜೆಕ್ಷನ್ ಹಾಕುವ ನರ್ಸಮ್ಮ ಯಾರು, ಕಷ್ಟ ಬಂದರೆ ಅನಂತಪುರದಲ್ಲಿ ಯಾವ ಡಾಕ್ಟರು ನೋಡುತ್ತಾರೆ ಎಂದು ಹೆಸರು, ಫೋನ್ ನಂಬರು ಸಮೇತ ಬರೆದುಕೊಂಡಳು. 'ಸ್ಥಳೀಯವಾಗಿ ಚಿಕಿತ್ಸೆ ಲಭ್ಯ' ಎಂದು ಬರೆಯುವುದು ಸುಲಭ. ಲಭ್ಯವೆಂಬುದಕ್ಕೆ ಒಂದು ಮುಖ, ಒಂದು ಬಾಗಿಲು ಇದೆಯೇ ಎಂದು ನೋಡುವುದು ಅವಳ ಹಟ.

ಕೃಷ್ಣವೇಣಿಯೂ ಅವಳೂ ನಾಲ್ಕು ದಿನ ಕೂತು ಮನೆಗಳನ್ನು ತುಂಬಿದರು. ಮೊದಲು ಇಬ್ಬರೂ ಬೇರೆಬೇರೆಯಾಗಿ ತುಂಬಿ, ಆಮೇಲೆ ಹೋಲಿಸಿ ಜಗಳವಾಡಿದರು. ಏಳನೇ ಮನೆ ಖಾಲಿ ಬಿಟ್ಟರು; ಅದಕ್ಕೆ ಬೇರೊಂದು ಪರೀಕ್ಷೆ, ಬೇರೆ ತರಬೇತಿ ಬೇಕು, ಅದು ತಮಗಿಲ್ಲ, ಆದ್ದರಿಂದ ಬಿಟ್ಟಿದ್ದೇವೆ ಎಂದೇ ಬರೆದರು. ಮುಂದಿನದರ ಐದು ಮನೆಯನ್ನು ಎರಡು ಸಲ ತುಂಬಿದರು, ಹಿಂದೂಪುರಕ್ಕೆ ಒಮ್ಮೆ, ಕಲ್ಯಾಣದುರ್ಗಕ್ಕೆ ಒಮ್ಮೆ. ಅದೇ ಮನುಷ್ಯ, ಅದೇ ಕಾಯಿಲೆ. ಒಂದು ಊರಿಗೆ ಎಲ್ಲ ಮನೆಯಲ್ಲೂ ಎರಡು ಬಿತ್ತು, ಇನ್ನೊಂದಕ್ಕೆ ಸೊನ್ನೆ, ಒಂದು.

ಮಂಡಳಿಯ ಸಭೆಯ ದಿನ ಮೇಜಿನ ಸುತ್ತ ಜಡ್ಜು, ಜೈಲಿನ ಅಧಿಕಾರಿ, ಇಬ್ಬರು ಡಾಕ್ಟರು. ಗುಮಾಸ್ತ ವರದಿ ಹಂಚುವ ಮೊದಲು ಎಲ್ಲ ಪ್ರತಿಗಳ ಅಂಚಿನಲ್ಲೂ ಪೆನ್ಸಿಲ್ಲಿನಲ್ಲಿ ಕಲ್ಯಾಣದುರ್ಗದ ಲೆಕ್ಕದ ಮೊತ್ತ ಹಾಕಿಟ್ಟಿದ್ದ. ಅವನಿಗೆ ತಡೆಯಲಾಗಿರಲಿಲ್ಲ.

"ಹತ್ತೊಂಬತ್ತು" ಎಂದು ಓದಿದರು ಜಡ್ಜು. "ಅರ್ಧಕ್ಕಿಂತ ಒಂದು ಕಮ್ಮಿ. ಹಾಗಾದರೆ ಬಿಡಬಹುದೋ, ಬಿಡಬಾರದೋ?"

ಕೃಷ್ಣವೇಣಿ ಗುಮಾಸ್ತನ ಕಡೆ ನೋಡಿದ ನೋಟಕ್ಕೆ ಅವನು ಫೈಲಿನ ಹಿಂದೆ ಸರಿದ. "ಅದು ನಮ್ಮ ಸಂಖ್ಯೆಯಲ್ಲ ಸಾರ್, ದಯವಿಟ್ಟು ಹೊಡೆದುಹಾಕಿ. ನಮ್ಮ ತೀರ್ಮಾನ ಕೊನೆಯ ಪುಟದಲ್ಲಿದೆ."

ಕೊನೆಯ ಪುಟ ಹೀಗಿತ್ತು. ಹಿಂದೂಪುರದ ತಮ್ಮನ ಮನೆಗೆ ಹೋದರೆ ಅಪಾಯ ಹೆಚ್ಚು. ಕಲ್ಯಾಣದುರ್ಗದ ಅಕ್ಕನ ಮನೆಗೆ, ಇಂಜೆಕ್ಷನ್ ಸಮೇತ ಹೋದರೆ ಕಡಿಮೆ. ಅಲ್ಲೂ ಇಂಜೆಕ್ಷನ್ ತಪ್ಪಿದರೆ ಆ ಮಾತು ನಿಲ್ಲುವುದಿಲ್ಲ. ಹಿಂಸೆ ನಡೆದರೆ ಅದು ಅಪರಿಚಿತರ ಮೇಲಲ್ಲ, ತನ್ನನ್ನು ಹಂಗಿಸುತ್ತಾನೆಂದು ನಂಬಿದ ಪರಿಚಿತನ ಮೇಲೆ, ಔಷಧ ನಿಂತು ಕೆಲವು ವಾರಗಳ ಮೇಲೆ. ಗಾಯ ದೊಡ್ಡದೇ ಆಗಬಹುದು. ಮೊದಲು ಕಾಣುವುದು ಕಿವಿಯ ಹತ್ತಿ ಮತ್ತು ನಿದ್ದೆಗೇಡು. ಕಂಡವರು ಯಾರಿಗೆ ಫೋನ್ ಮಾಡಬೇಕು, ಅವರು ಏನು ಮಾಡಬೇಕು ಎಂಬುದೂ ಇತ್ತು. ಮೊದಲ ವರ್ಷ ಹಿಂದೂಪುರಕ್ಕೆ ಹೋಗುವಂತಿಲ್ಲ. ನಾರಪ್ಪನಿಗೆ ಬಿಡುಗಡೆಯ ಸುದ್ದಿ ಮುಂಚಿತವಾಗಿ ತಿಳಿಸಬೇಕು. ಮೂರು ತಿಂಗಳಿಗೊಮ್ಮೆ ಮತ್ತೆ ನೋಡಬೇಕು.

"ಗ್ಯಾರಂಟಿ ಕೊಡುತ್ತೀರಾ?" ಎಂದರು ಜೈಲಿನ ಅಧಿಕಾರಿ.

ಕೃಷ್ಣವೇಣಿ ಬಾಯಿ ತೆರೆಯುವಷ್ಟರಲ್ಲಿ ಶೋಭಾರಾಣಿ ಅಂದಳು: "ಗ್ಯಾರಂಟಿ ಮಿಕ್ಸಿಗೆ ಕೊಡ್ತಾರೆ ಸಾರ್."

ಜಡ್ಜು ನಕ್ಕರು. ಅವಳು ತಾನು ನಗದೆ ಮುಂದುವರಿಸಿದಳು: "ಏನು ಕೆಡಬಹುದು, ಕೆಡುವ ಮೊದಲು ಏನು ಕಾಣುತ್ತದೆ, ಆಗ ಯಾರು ಏನು ಮಾಡುತ್ತಾರೆ, ಅಷ್ಟು ಬರೆದಿದ್ದೇವೆ. ಅದಕ್ಕಿಂತ ಹೆಚ್ಚು ಹೇಳಿದರೆ ಸುಳ್ಳಾಗುತ್ತದೆ."

ಬೆಂಕಿಯ ವಾಕ್ಯದ ಬಗ್ಗೆ ಅನುಬಂಧದಲ್ಲಿ ಒಂದು ಪುಟವಿತ್ತು, ಅಡುಗೆಮನೆಯ ದಿನಚರಿಯ ನಕಲಿನ ಜೊತೆ. ಜಡ್ಜು ಅದನ್ನು ಎರಡು ಸಲ ಓದಿದರು, ಕನ್ನಡಕ ತೆಗೆದು ಒರೆಸಿಕೊಂಡರು. ಮಂಡಳಿ ಸಹಿ ಹಾಕಿತು.

ಸರ್ಕಾರದ ಆದೇಶ ಬರಲು ಹನ್ನೊಂದು ತಿಂಗಳು ಹಿಡಿಯಿತು. ಅಷ್ಟರಲ್ಲಿ ವರದಿ ಹಳಸಿತ್ತು. ಈಗಿನದು ಎಂದು ಬರೆದದ್ದು ಹಿಂದಿನದಾಗಿತ್ತು. ಇಬ್ಬರೂ ಮತ್ತೆ ಬೈಲಪ್ಪನೊಡನೆ ಕೂತು ಈಗಿನ ಐದು ಮನೆ, ಮುಂದಿನ ಐದು ಮನೆ ಹೊಸದಾಗಿ ತುಂಬಿದರು. ಹೆಚ್ಚೇನೂ ಬದಲಾಗಿರಲಿಲ್ಲ. ಓಬುಳೇಶ್ ಎರಡು ದಿನ ಮುನಿಸಿಕೊಂಡಿದ್ದು, ಆಮೇಲೆ ತಾನೇ ಗೂಟ ಕಿತ್ತು ತಂದು ಕಲ್ಯಾಣದುರ್ಗದ ಗೋಡೆಗೆ ಹೊಡೆದುಕೊಟ್ಟು ಹೋದ. 2007ರ ಶ್ರಾವಣದಲ್ಲಿ ಲಕ್ಷ್ಮಕ್ಕ ಮುಚ್ಚಳಿಕೆಗೆ ಹೆಬ್ಬೆಟ್ಟು ಒತ್ತಿ ತಮ್ಮನನ್ನು ಕರೆದುಕೊಂಡು ಹೋದಳು.

ಏಳನೇ ತಿಂಗಳು ಒಂದು ಬೆಳಗ್ಗೆ ಆಸ್ಪತ್ರೆಗೆ ಫೋನ್ ಬಂತು. ಕಾಯಿನ್ ಬಾಕ್ಸಿನಿಂದ ಲಕ್ಷ್ಮಕ್ಕನ ದನಿ: "ಹತ್ತಿ ಬಂತು ಕಣಮ್ಮ. ಎರಡೂ ಕಿವಿಗೆ."

ಶೋಭಾರಾಣಿ ಬೈಲಪ್ಪನ ಫೈಲು ಎಳೆದುಕೊಂಡಳು. "ನಿದ್ದೆ?"

"ಎರಡು ರಾತ್ರಿಯಿಂದ ಇಲ್ಲ."

ಬರೆದಿಟ್ಟದ್ದನ್ನು ಬರೆದಂತೆಯೇ ಮಾಡಿದರು. ಮಧ್ಯಾಹ್ನದೊಳಗೆ ಬೈಲಪ್ಪ ಅನಂತಪುರದ ಡಾಕ್ಟರ ಮುಂದಿದ್ದ. ಅವರು ಮುಕ್ಕಾಲು ಗಂಟೆ ಮಾತಾಡಿಸಿ ಶೋಭಾರಾಣಿಗೆ ಫೋನ್ ಮಾಡಿದರು. ಲಕ್ಷ್ಮಕ್ಕನ ಮನೆಯೆದುರು ಹೊಸದಾಗಿ ಕಲ್ಯಾಣ ಮಂಟಪವಾಗಿದೆ. ಮೂರು ದಿನದಿಂದ ಸಾಲು ಮದುವೆ, ಮೈಕು. ಇಡೀ ಬೀದಿ ಕಿವಿಗೆ ಹತ್ತಿ ಇಟ್ಟುಕೊಂಡಿದೆ, ಯಾರಿಗೂ ನಿದ್ದೆಯಿಲ್ಲ. "ಲಕ್ಷ್ಮಕ್ಕನ ಕಿವಿಯಲ್ಲೂ ಹತ್ತಿ ಇದೆಯಮ್ಮ. ನಾನು ಕೂಗಿ ಮಾತಾಡಬೇಕಾಯಿತು."

ನಗು ಉಕ್ಕಿ ಬಂತು. ಆದರೆ ಡಾಕ್ಟರು ಇನ್ನೊಂದು ಮಾತು ಸೇರಿಸಿದರು. ನರ್ಸಮ್ಮ ರಜೆಯಲ್ಲಿದ್ದುದರಿಂದ ಇಂಜೆಕ್ಷನ್ ಹನ್ನೆರಡು ದಿನ ತಡವಾಗಿದೆ. ಇದು ಈಗ ಗೊತ್ತಾಯಿತು, ಹಾಕಿ ಕಳಿಸಿದ್ದೇನೆ ಎಂದರು. ಶೋಭಾರಾಣಿ ನಗುತ್ತಲೇ ಕುರ್ಚಿ ಎಳೆದುಕೊಂಡು ಕೂತು, ನರ್ಸಮ್ಮ ಇಲ್ಲದ ತಿಂಗಳು ಯಾರು ಹಾಕಬೇಕು ಎಂದು ಯೋಜನೆಗೆ ಒಂದು ಸಾಲು ಸೇರಿಸಿದಳು. 'ಕಲ್ಯಾಣ ಮಂಟಪ' ಎಂದೂ ಬರೆದಳು, ಕೆಣಕುವ ಸಂಗತಿಗಳ ಮನೆಯಲ್ಲಿ.

2009ರಲ್ಲಿ ಅವಳು ತಿರುಗಿ ನೋಡಲು ಹೋದಾಗ ಬೈಲಪ್ಪ ದಪ್ಪಗಾಗಿದ್ದ. ಮನೆಯ ಮುಂದೆ ಕೂತು ಅಕ್ಕನಿಗಿಂತ ಬೇಗ ಎಲೆ ಹೊಲಿಯುತ್ತಿದ್ದ. ಬರುವ ದಾರಿಯಲ್ಲಿ ಅವಳು ಹಿಂದೂಪುರದಲ್ಲಿ ಇಳಿದಿದ್ದಳು. ನಾರಪ್ಪ ಒಂದು ಮಾತು ಹೇಳಿ ಕಳಿಸಿದ್ದ. ಅದನ್ನು ತಲುಪಿಸಬೇಕೋ ಬೇಡವೋ ಎಂದು ಕೃಷ್ಣವೇಣಿಯೊಡನೆ, ಅನಂತಪುರದ ಡಾಕ್ಟರೊಡನೆ ಫೋನಿನಲ್ಲಿ ಮಾತಾಡಿ, ಬೈಲಪ್ಪನನ್ನೂ ಕೇಳಿಯೇ ಹೇಳಿದಳು.

"ಆವಾಗ ಕಿಟಕಿ ಹತ್ರ ಕೂಗ್ತಿದ್ದೋನು ತಾನೇ ಅಂತೆ. ತಪ್ಪಾಯ್ತು ಅಂತ ಹೇಳು ಅಂದ."

ಬೈಲಪ್ಪ ಹೊಲಿಯುತ್ತಿದ್ದ ಎಲೆಯನ್ನು ಕೆಳಗಿಟ್ಟ. "ಹಂಗಾದ್ರೆ ಎಲ್ಲಾ ನನ್ ತಲೇಲಿ ಇರ್ಲಿಲ್ಲ" ಎಂದ.

"ಸ್ವಲ್ಪ ಇರಲಿಲ್ಲ. ಮಿಕ್ಕಿದ್ದು ಇತ್ತು."

"ಅದೂ ಸರೀನೇ." ಒಂದು ಕಡ್ಡಿ ಮುರಿದ. "ಕ್ಷಮಿಸ್ಬೇಕಾ ಮೇಡಮ್ಮಾರು? ನಿಮ್ ಕಾಗದದಲ್ಲಿ ಅದುಕ್ಕೊಂದು ಮನೆ ಐತಾ?"

"ಇಲ್ಲ ಕಣಪ್ಪ."

"ಹಂಗಾದ್ರೆ ಅರ್ಜೆಂಟೇನಿಲ್ಲ" ಎಂದು ಬೈಲಪ್ಪ ಇನ್ನೊಂದು ಎಲೆ ಎತ್ತಿಕೊಂಡ. "ನಾನೂ ಅವ್ನಿಗೆ ಹೇಳೋದು ಐತೆ. ಯೋಚ್ನೆ ಮಾಡಿ ಹೇಳ್ತೀನಿ ಅನ್ನಿ."

ಒಳಗಿನಿಂದ ಲಕ್ಷ್ಮಕ್ಕ ಊಟಕ್ಕೆ ಕರೆದಳು. ಅವನೇ ಹೊಲಿದ ಎಲೆ ಹಾಸಿದರು. ಶೋಭಾರಾಣಿ ಬಸ್ಸಿಗೆ ಹೊತ್ತಾಯಿತು ಎನ್ನುತ್ತಲೇ ಕೂತು, ಎರಡು ಸಲ ಬಡಿಸಿಕೊಂಡು ಉಂಡಳು.